ಮಲಗುವ ಹೊತ್ತಿಗೆ ದೇವರ ಹಾಡು: ಯಾವುದನ್ನು ಆರಿಸಬೇಕು, ಯಾವುದರ ನಂತರ ಯಾವುದು

ಭಕ್ತಿಗೀತೆ ಎಂದರೆ ಮನಸ್ಸಿಗೆ ಶಾಂತಿ, ಹಾಗಾಗಿ ಯಾವುದನ್ನು ಹಾಕಿದರೂ ನಿದ್ದೆ ಬರುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ನಮ್ಮ ದೇವರ ಹಾಡುಗಳಲ್ಲಿ ಅರ್ಧದಷ್ಟು ಎಬ್ಬಿಸುವುದಕ್ಕೇ ಇರುವಂಥವು. ಸುಪ್ರಭಾತ ದೇವರನ್ನು ಎಬ್ಬಿಸುವ ಹಾಡು. ಭಜನಾ ಮಂದಿರದ ನಾಮಾವಳಿ ಹತ್ತು ಜನ ತಾಳ ಹಿಡಿದು ಹೇಳುವಂಥದ್ದು, ಅದರ ಸುಖವೇ ವೇಗ ಏರುವುದರಲ್ಲಿ. ಆರತಿಯ ಹಾಡಿಗೆ ಗಂಟೆ, ಜಾಗಟೆ ಬೇಕು. ಇವುಗಳ ನಡುವೆ ಮಲಗಿಸುವ ಹಾಡುಗಳೂ ಉಂಟು. ಅವನ್ನು ಹೆಕ್ಕಿ, ಒಂದು ಕ್ರಮದಲ್ಲಿ ಇಡಬೇಕು. ಆ ಕ್ರಮ ಹೇಗಿರಬೇಕು ಎಂದು ಈ ಲೇಖನದಲ್ಲಿ ಹೇಳುತ್ತೇನೆ.

ಉದಾಹರಣೆಗೆ ಕಾಸರಗೋಡಿನ ನೀರ್ಚಾಲು ಕಡೆ ಇರುವ ನನ್ನ ಅತ್ತೆಗಾಗಿ ಮಾಡಿದ ಪಟ್ಟಿಯನ್ನೇ ತೆಗೆದುಕೊಳ್ಳುತ್ತೇನೆ. ಅವರು ಹಗಲಿಡೀ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾರೆ. ರಾತ್ರಿ ಮೈ ಸೋತಿರುತ್ತದೆ, ಆದರೆ ತಲೆ ಓಡುತ್ತಲೇ ಇರುತ್ತದೆ. ನಾಳೆ ಯಾರು ಕೆಲಸಕ್ಕೆ ಬರುತ್ತಾರೆ, ಮೊಮ್ಮಗಳ ಫೀಸು ಕಟ್ಟಿ ಆಯಿತಾ, ಇಂಥದ್ದೇ. ಅವರಿಗೆ ಸಂಗೀತ ಕಲಿತು ಗೊತ್ತಿಲ್ಲ. ಆದರೆ ಚಿಕ್ಕಂದಿನಿಂದ ದಾಸರ ಪದ ಕೇಳಿ ಬೆಳೆದವರು. ಹೀಗೆ ಮೈ ದಣಿದು ಮನಸ್ಸು ಎಚ್ಚರ ಇರುವವರಿಗೆ ಹೊಂದುವ ಪಟ್ಟಿ ಇದು. ಮಕ್ಕಳನ್ನು ಮಲಗಿಸುವುದಕ್ಕೆ ಬೇರೆ ತರಹ ಬೇಕಾಗುತ್ತದೆ.

ಮೊದಲು ಹಾಡು ಅಲ್ಲ, ರೆಕಾರ್ಡಿಂಗ್ ಆರಿಸಿ

ಒಂದೇ ಪದವನ್ನು ಹತ್ತು ಜನ ಹಾಡಿರುತ್ತಾರೆ. ಅದರಲ್ಲಿ ಒಂದೋ ಎರಡೋ ಮಾತ್ರ ರಾತ್ರಿಗೆ ಆಗುತ್ತದೆ. ಹಾಗಾಗಿ "ಈ ಹಾಡು ಒಳ್ಳೆಯದು" ಎಂದು ಹೆಸರು ನೋಡಿ ಸೇರಿಸಬೇಡಿ. ರೆಕಾರ್ಡಿಂಗನ್ನು ಪೂರ್ತಿ ಕೇಳಿ. ಪೂರ್ತಿ ಎಂದರೆ ಪೂರ್ತಿ, ಯಾಕೆಂದರೆ ಕೆಡುವುದು ಮೂರು ಜಾಗದಲ್ಲಿ, ಮತ್ತು ಅದರಲ್ಲಿ ಎರಡು ಹಾಡಿನ ಕೊನೆಯ ಕಡೆ ಇರುತ್ತವೆ.

ಮೊದಲನೆಯದು ಹಾಡಿನ ಶುರು. ಕ್ಯಾಸೆಟ್ ಕಾಲದ ಭಕ್ತಿಗೀತೆಗಳು ಎಷ್ಟೋ ಸಲ ಶಂಖ ಊದಿ, ಗಂಟೆ ಬಾರಿಸಿ ಶುರುವಾಗುತ್ತವೆ. ಕೆಲವಕ್ಕೆ ಗಂಭೀರ ಧ್ವನಿಯಲ್ಲಿ ಪೀಠಿಕೆಯ ಮಾತು ಇರುತ್ತದೆ. ಪಟ್ಟಿಯ ಮೊದಲ ಹಾಡಿಗೆ ಇದು ನಡೆದೀತು. ನಾಲ್ಕನೆಯದಕ್ಕೆ ಖಂಡಿತ ನಡೆಯುವುದಿಲ್ಲ. ಅತ್ತೆಗೆ ಅಂಥದ್ದೊಂದು ಕೇಳಿಸಿ ನೋಡಿದಾಗ, "ಎಂತದು ಮಾರಾಯ, ತಲೆ ಹತ್ತಿರವೇ ಗಂಟೆ ಹೊಡೆದ ಹಾಗಾಯಿತು" ಎಂದರು. ಹಾಡು ಚೆನ್ನಾಗಿಯೇ ಇತ್ತು. ಕೆಡಿಸಿದ್ದು ಶುರುವಿನ ಐದು ಸೆಕೆಂಡು.

ಎರಡನೆಯದು ಚರಣ. ನಮ್ಮ ಕೃತಿಗಳಲ್ಲಿ, ಪದಗಳಲ್ಲಿ ಪಲ್ಲವಿ ಮಧ್ಯಸ್ಥಾಯಿಯಲ್ಲಿ ಇರುತ್ತದೆ, ಅನುಪಲ್ಲವಿಯಲ್ಲಿ ಧ್ವನಿ ಮೇಲೆ ಹೋಗುತ್ತದೆ, ಚರಣದಲ್ಲಿ ಮತ್ತೊಮ್ಮೆ ಏರುತ್ತದೆ. ಗಾಯಕರು ತಾರಸ್ಥಾಯಿಯಲ್ಲಿ ನಿಂತು ಒಂದು ಸ್ವರವನ್ನು ಎಳೆದರೆ ಕಚೇರಿಯಲ್ಲಿ ಭೇಷ್ ಎನ್ನುತ್ತೇವೆ. ಆದರೆ ನಿದ್ದೆಯ ಹೊಸ್ತಿಲಲ್ಲಿ ಇರುವವರಿಗೆ ಅದು ಯಾರೋ ಕರೆದ ಹಾಗೆ ಕೇಳುತ್ತದೆ. ಚರಣದಲ್ಲೂ ಧ್ವನಿ ಒತ್ತಿ ಹಾಡದೆ, ಸಣ್ಣಗೆ ಏರಿ ಇಳಿಯುವ ರೆಕಾರ್ಡಿಂಗ್ ಹುಡುಕಿ.

ಮೂರನೆಯದು ಮುಕ್ತಾಯ. ಕೊನೆಯ ಚರಣ ಮುಗಿದು ಪಲ್ಲವಿಗೆ ಬರುವಾಗ ವೇಗ ಹೆಚ್ಚಿಸುವುದು ನಮ್ಮಲ್ಲಿ ರೂಢಿ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಕಚೇರಿಯಲ್ಲಿ ಹಾಡುವಾಗ ಇದನ್ನು ಚೆನ್ನಾಗಿ ಗಮನಿಸಬಹುದು. ನಿಧಾನವಾಗಿ ಶುರುವಾದದ್ದು ಕೊನೆಗೆ ಕೈ ತಟ್ಟುವ ವೇಗಕ್ಕೆ ಬಂದಿರುತ್ತದೆ. ಮನೆಯಲ್ಲಿ ಎಲ್ಲರಿಗೂ ಇಷ್ಟದ ಹಾಡು, ಆದರೆ ಅದು ಸಂಜೆ ದೀಪ ಹಚ್ಚುವ ಹೊತ್ತಿಗೆ ಇರಲಿ. ಲೈವ್ ಕಚೇರಿಯ ರೆಕಾರ್ಡಿಂಗ್ ಆದರೆ ಇದರ ಮೇಲೆ ಚಪ್ಪಾಳೆಯೂ ಉಂಟು. ಮಳೆ ಬಿದ್ದ ಹಾಗೆ ಒಮ್ಮೆಲೇ ಬರುವ ಆ ಸದ್ದಿಗೆ ಏಳದವರು ಕಡಿಮೆ.

ವಾದ್ಯದ ಬಗ್ಗೆ ಒಂದು ಮಾತು. ತಂಬೂರಿ, ವೀಣೆ, ಮೆಲ್ಲಗಿನ ಮೃದಂಗ ಇರುವುದು ಒಳ್ಳೆಯದು. ತಾಳದ ಚಿಟಿಚಿಟಿ ಸದ್ದು ಇರುವುದು ಬೇಡ. ಅದು ಸಣ್ಣ ಸ್ಪೀಕರ್‌ನಲ್ಲಿ ಹಾಡಿಗಿಂತ ಮುಂದೆ ಬಂದು ಕೇಳುತ್ತದೆ. ಇನ್ನು ನಮ್ಮ ಕಡೆಯವರಿಗೆ ಮುಖ್ಯವಾದದ್ದು ಚೆಂಡೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ, ಯಕ್ಷಗಾನದ ಪದ ಇಲ್ಲಿ ಯಾರಿಗೆ ಇಷ್ಟ ಇಲ್ಲ? ದೇವರ ಸ್ತುತಿಯ ಪದಗಳೂ ಅದರಲ್ಲಿ ಬೇಕಷ್ಟು ಉಂಟು. ಆದರೆ ರಾತ್ರಿಯಿಂದ ಬೆಳಗಿನವರೆಗೆ ಆಟ ನೋಡಿ ಬೆಳೆದ ಕಿವಿಗೆ ಚೆಂಡೆ ಎಂದರೆ ಎದ್ದು ಕೂರು ಎಂದೇ ಅರ್ಥ. ತೂಕಡಿಸುತ್ತಿದ್ದವರು ಚೆಂಡೆ ಬಿದ್ದ ಕೂಡಲೇ ಕಣ್ಣು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಭಾಗವತರ ಪದ ಬೇಕೇ ಬೇಕು ಎಂದಾದರೆ ಬರೇ ಶ್ರುತಿಗೆ ಹಾಡಿದ್ದು ಸಿಕ್ಕರೆ ಮೊದಲನೆಯದಾಗಿ ಇಡಿ.

ಮಾತನ್ನೂ ಕೇಳಿ

ರಾಗ ಮೃದುವಾಗಿದ್ದರೆ ಸಾಕು ಎಂದು ಸಾಹಿತ್ಯ ನೋಡದೆ ಸೇರಿಸುವವರು ಇದ್ದಾರೆ. ದಾಸರ ಪದಗಳಲ್ಲಿ ಒಂದು ದೊಡ್ಡ ಪಾಲು ವೈರಾಗ್ಯದ್ದು. ದೇಹ ನೀರಿನ ಗುಳ್ಳೆ, ಯಮನವರು ಬಂದರೆ ಹೆಂಡತಿ ಮಕ್ಕಳು ಯಾರೂ ಬರುವುದಿಲ್ಲ, ಇಷ್ಟು ದಿನ ವ್ಯರ್ಥ ಮಾಡಿದೆ, ಹೀಗೆ. ಕೇಳುವವರನ್ನು ಅಲುಗಿಸಿ ಎಚ್ಚರಿಸಬೇಕು ಎಂದೇ ಬರೆದ ಪದಗಳು ಅವು. ಕಾಯಿಲೆಯವರು, ಮನೆಯಲ್ಲಿ ಇತ್ತೀಚೆಗೆ ಸಾವು ಕಂಡವರು ಅದನ್ನು ಕತ್ತಲೆಯಲ್ಲಿ ಒಬ್ಬರೇ ಮಲಗಿ ಕೇಳಬಾರದು.

ಕತೆ ಹೇಳುವ ದೀರ್ಘ ಪದಗಳೂ ಬೇಡ. ದ್ರೌಪದಿ ಕೂಗಿದಳು, ಗಜೇಂದ್ರನ ಕಾಲು ಮೊಸಳೆ ಹಿಡಿಯಿತು ಎಂದ ಕೂಡಲೇ ಮನಸ್ಸು ಮುಂದೇನು ಎಂದು ಹಿಂದೆ ಹೋಗುತ್ತದೆ. ಕತೆ ಗೊತ್ತಿದ್ದರೂ ಹೋಗುತ್ತದೆ.

ಹಾಗಾದರೆ ಯಾವುದು? ಏನೂ ನಡೆಯದ ಹಾಡು. ದೇವರನ್ನು ತೊಟ್ಟಿಲಲ್ಲಿ ಇಟ್ಟು ತೂಗುವುದು, ಯಶೋದೆ ಮಗುವನ್ನು ನೋಡುತ್ತಾ ಇರುವುದು, ಇಷ್ಟೇ. ಪುರಂದರದಾಸರ ಲಾಲಿ ಪದಗಳು ಇದಕ್ಕೆ ಹೇಳಿ ಮಾಡಿಸಿದವು. ‘ತೂಗಿರೆ ರಂಗನ’, ‘ಜೋ ಜೋ ಶ್ರೀಕೃಷ್ಣ ಪರಮಾನಂದ’ ಈ ಎರಡನ್ನು ಸುಮ್ನೆ ಒಮ್ಮೆ ನೀವೇ ಬಾಯಿಬಿಟ್ಟು ಹೇಳಿ ನೋಡಿ. ಉದ್ದ ಸ್ವರಗಳು, ಮತ್ತೆ ಮತ್ತೆ ಬರುವ ಅದೇ ಮಾತು. ಉಸಿರು ತಾನಾಗಿ ನಿಧಾನವಾಗುತ್ತದೆ.

ಕಾಸರಗೋಡಿನ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಇಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಹವ್ಯಕವೋ ಮಲಯಾಳವೋ ಇರಬಹುದು, ದೇವಸ್ಥಾನದ ಮೈಕಿನಲ್ಲಿ ಎಲ್ಲ ಭಾಷೆಯ ಹಾಡೂ ಕೇಳಿರುತ್ತೇವೆ. ಪಟ್ಟಿ ಒಂದೇ ಭಾಷೆಯದ್ದಾಗಬೇಕಾ? ಬೇಕಾಗಿಲ್ಲ. ಆದರೆ ಕ್ರಮ ನೋಡಿಕೊಳ್ಳಿ. ಚೆನ್ನಾಗಿ ಅರ್ಥವಾಗುವ ಭಾಷೆಯ ಹಾಡು ಮೊದಲು ಬರಲಿ, ಯಾಕೆಂದರೆ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವುದಕ್ಕೆ ಅರ್ಥ ಬೇಕು. ಅರ್ಧ ಅರ್ಥವಾಗುವ, ಆದರೆ ಕೇಳಿ ಕೇಳಿ ಪರಿಚಯವಾದ ಹಾಡು ಆಮೇಲೆ. ‘ಹರಿವರಾಸನಂ’ ಇದಕ್ಕೆ ಒಳ್ಳೆಯ ಉದಾಹರಣೆ. ಶಬರಿಮಲೆಯಲ್ಲಿ ರಾತ್ರಿ ನಡೆ ಮುಚ್ಚುವಾಗ ಹಾಡುವ ಹಾಡು, ಮಧ್ಯಮಾವತಿ ರಾಗದಲ್ಲಿ ನಮಗೆಲ್ಲ ಕಿವಿಗೆ ಬಿದ್ದಿರುವಂಥದ್ದು. ಸಂಸ್ಕೃತದ ಸಮಾಸಗಳು ಎಲ್ಲರಿಗೂ ಬಿಡಿಸಿ ಅರ್ಥವಾಗುವುದಿಲ್ಲ. ಆದರೆ ಇವತ್ತಿನದು ಮುಗಿಯಿತು, ಬಾಗಿಲು ಹಾಕಿ ಆಯಿತು ಎಂಬ ಭಾವ ಕೂಡಲೇ ಬರುತ್ತದೆ. ಗುಂಪಿನ ಶರಣು ಘೋಷ ಇಲ್ಲದ, ಒಬ್ಬರೇ ಹಾಡಿದ್ದು ಆರಿಸಿದರಾಯಿತು.

ಪರಿಚಯ ಇಲ್ಲದ ಹಾಡನ್ನು, ಎಷ್ಟೇ ಚೆಂದ ಇರಲಿ, ನೇರ ಪಟ್ಟಿಗೆ ತರಬೇಡಿ. ಒಂದು ವಾರ ಹಗಲಿನಲ್ಲಿ ಅಡಿಗೆ ಮಾಡುವಾಗಲೋ ಅಡಿಕೆ ಸುಲಿಯುವಾಗಲೋ ಹಾಕಿ. ಕಿವಿಗೆ ಹಳತಾದ ಮೇಲೆ ರಾತ್ರಿಗೆ ತನ್ನಿ.

ನಡೆಯನ್ನು ಎಣಿಸುವುದು

ನಿಧಾನ ಎಂಬುದನ್ನು ಅಂದಾಜಿನಲ್ಲಿ ಬಿಡಬೇಡಿ, ಎಣಿಸಿ. ಹಾಡು ಹಾಕಿ, ಕೈಯಲ್ಲಿ ತೊಡೆ ತಟ್ಟುತ್ತಾ ಹೋಗಿ. 15 ಸೆಕೆಂಡಿನಲ್ಲಿ ಎಷ್ಟು ತಟ್ಟಿದಿರಿ ಎಂದು ನೋಡಿ, ಅದನ್ನು 4ರಿಂದ ಗುಣಿಸಿ. 18 ಬಂದರೆ ನಿಮಿಷಕ್ಕೆ 72. ಪಟ್ಟಿಯ ಶುರುವಿಗೆ 70–75 ಸರಿ, ಮಧ್ಯಕ್ಕೆ ಬರುವಾಗ 60ರ ಹತ್ತಿರ ಇರಬೇಕು, ಆಮೇಲೆ ತಾಳವೇ ಬೇಡ.

ಎಣಿಸುವಾಗ ಒಂದು ಗೊಂದಲ ಬರುತ್ತದೆ. ಆದಿತಾಳದ ಹಾಡಿಗೆ ಒಬ್ಬರು 60 ಎಂದರೆ ಇನ್ನೊಬ್ಬರು 120 ಎನ್ನಬಹುದು, ಇಬ್ಬರೂ ಸರಿಯೇ. ಒಂದು ಎಣಿಕೆಯೊಳಗೆ ಎರಡು ಸಣ್ಣ ಪೆಟ್ಟು ಇರುತ್ತದೆ ಅಷ್ಟೇ. ನಮಗೆ ಬೇಕಾದದ್ದು ದೇಹ ತೂಗುವ ಲೆಕ್ಕ. ಮಗುವನ್ನು ಎತ್ತಿಕೊಂಡು ಆ ಹಾಡಿಗೆ ತೂಗಿದರೆ ಯಾವ ಪೆಟ್ಟಿಗೆ ತೂಗುತ್ತೀರೋ ಅದನ್ನೇ ಎಣಿಸಿ, ಎಲ್ಲ ಹಾಡಿಗೂ ಅದೇ ಕ್ರಮ ಹಿಡಿಯಿರಿ.

ಒಮ್ಮೆಲೇ 75ರಿಂದ 50ಕ್ಕೆ ಇಳಿಸಬೇಡಿ. ಹಾಗೆ ಇಳಿಸಿದರೆ ಹಾಡು ನಿಂತೇ ಹೋದಂತೆ ಅನಿಸಿ ಮನಸ್ಸು ಮತ್ತೆ ತನ್ನ ಲೆಕ್ಕಾಚಾರಕ್ಕೆ ಹೊರಡುತ್ತದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಆರೇಳು ಪೆಟ್ಟು ಕಡಿಮೆಯಾದರೆ ಸಾಕು, ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಅದೇ ಕಾರಣಕ್ಕೆ ಮೊದಲ ಹಾಡು ತೀರಾ ನಿಧಾನ ಇರಬಾರದು. ಈಗಷ್ಟೇ ಪಾತ್ರೆ ತೊಳೆದು ಬಂದು ಮಲಗಿದವರ ಜೊತೆ ನಡೆಯುವ ಹಾಡು ಅದು.

ಶ್ರುತಿ ನೋಡಿ ಜೋಡಿಸುವುದು

ಎಲ್ಲ ಹಾಡು ಒಳ್ಳೆಯದೇ ಇದ್ದು, ನಡೆಯೂ ಸರಿ ಇದ್ದು, ಆದರೂ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಏನೋ ಕಿರಿಕಿರಿ ಅನಿಸಿದರೆ ಕಾರಣ ಹೆಚ್ಚಾಗಿ ಶ್ರುತಿ. ಪಟ್ಟಿ ಮಾಡುವವರು ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. ನನ್ನ ಮಟ್ಟಿಗೆ ಕ್ರಮ ಕೂಡಿಬರುವುದು ಇದರಿಂದಲೇ.

ಹಾಡು ಮುಗಿದಾಗ ಅದರ ಷಡ್ಜ, ಅಂದರೆ ಆಧಾರದ ಸ, ಕಿವಿಯಲ್ಲಿ ಉಳಿದಿರುತ್ತದೆ. ಮುಂದಿನ ಹಾಡಿನ ಷಡ್ಜ ಅದಕ್ಕಿಂತ ಅರ್ಧ ಮನೆ ಮಾತ್ರ ಆಚೀಚೆ ಇದ್ದರೆ, ಆ ಗಾಯಕರು ಅಪಶ್ರುತಿಯಲ್ಲಿ ಹಾಡುತ್ತಿದ್ದಾರೋ ಎಂಬಂತೆ ಮೊದಲ ಕೆಲವು ಸೆಕೆಂಡು ಕೇಳುತ್ತದೆ. ಷಡ್ಜ ಒಂದೇ ಆಗಿದ್ದರೆ, ಅಥವಾ ಒಂದರ ಪಂಚಮ, ಅಂದರೆ ಪ, ಇನ್ನೊಂದರ ಷಡ್ಜ ಆಗಿದ್ದರೆ, ಜಾರಿದ ಹಾಗೆ ಹೋಗುತ್ತದೆ. ತಂಬೂರಿಯಲ್ಲಿ ಸ, ಪ ಜೊತೆಗೇ ಮಿಡಿಯುವುದು ಕೇಳಿದ ಕಿವಿ ನಮ್ಮದು.

ಕಂಡುಹಿಡಿಯುವುದು ಕಷ್ಟ ಇಲ್ಲ. ಫೋನಿನಲ್ಲಿ ತಂಬೂರಿ ಆ್ಯಪ್ ಯಾವುದಾದರೂ ಹಾಕಿಕೊಳ್ಳಿ. ಇನ್ನೊಂದು ಫೋನಿನಲ್ಲಿ ಹಾಡು ಹಾಕಿ. ತಂಬೂರಿಯ ಶ್ರುತಿಯನ್ನು ಅರ್ಧರ್ಧ ಮನೆ ಸರಿಸುತ್ತಾ ಹೋಗಿ, ಎಲ್ಲಿ ಹಾಡು ಅದರೊಳಗೆ ಸೇರಿಹೋಯಿತೋ ಅದೇ ಅದರ ಶ್ರುತಿ. ಆ್ಯಪ್‌ನಲ್ಲಿ `C#` ಎಂದು ಕಾಣುವುದು ಸಂಗೀತದವರ ಬಾಯಲ್ಲಿ ಒಂದೂವರೆ, `G#` ಎಂದರೆ ಐದೂವರೆ, `D#` ಎಂದರೆ ಎರಡೂವರೆ. ಗಂಡಸರು ಹೆಚ್ಚಾಗಿ ಒಂದು, ಒಂದೂವರೆಯ ಸುತ್ತ ಹಾಡುತ್ತಾರೆ, ಹೆಂಗಸರು ಐದು, ಐದೂವರೆಯ ಸುತ್ತ. ಒಂದೂವರೆಯ ಪಂಚಮವೇ ಐದೂವರೆ. ಹಾಗಾಗಿ ಒಂದೂವರೆಯ ಗಂಡು ಧ್ವನಿಯ ಪಕ್ಕ ಐದೂವರೆಯ ಹೆಣ್ಣು ಧ್ವನಿ ತುಂಬ ಚೆನ್ನಾಗಿ ಕೂರುತ್ತದೆ. ಐದೂವರೆಯ ನಂತರ ಐದು ಬಂದರೆ ಕೂರುವುದಿಲ್ಲ.

ಇದೆಲ್ಲ ಬೇಡ ಎಂದಾದರೆ ಒಂದು ಹಾಡಿನ ಕೊನೆಯ ಹತ್ತು ಸೆಕೆಂಡು, ಮುಂದಿನದರ ಮೊದಲ ಹತ್ತು ಸೆಕೆಂಡು ಬೆನ್ನುಬೆನ್ನಿಗೆ ಕೇಳಿ. ಹುಬ್ಬು ಗಂಟಾದರೆ ಜೋಡಿ ಬದಲಿಸಿ. ಕಿವಿ ತಪ್ಪು ಹೇಳುವುದಿಲ್ಲ.

ಇದೇ ಕಾರಣಕ್ಕೆ ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಎಂಬುದು ಆನ್ ಇದ್ದರೆ ಆಫ್ ಮಾಡಿ. ಅದು ಒಂದು ಹಾಡಿನ ಬಾಲವನ್ನೂ ಇನ್ನೊಂದರ ತಲೆಯನ್ನೂ ಒಟ್ಟಿಗೆ ಕೇಳಿಸುತ್ತದೆ. ಸಿನಿಮಾ ಹಾಡಿಗೆ ಹೇಗೋ ನಡೆಯುತ್ತದೆ. ಎರಡು ಬೇರೆ ಶ್ರುತಿಯ ತಂಬೂರಿ ಒಂದರ ಮೇಲೊಂದು ಬಿದ್ದರೆ ಕೇಳಲಿಕ್ಕೆ ಆಗುವುದಿಲ್ಲ. ಹಾಡುಗಳ ನಡುವೆ ಮೂರು ನಾಲ್ಕು ಸೆಕೆಂಡು ಮೌನ ಇರುವುದೇ ಒಳ್ಳೆಯದು.

ರಾಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀಲಾಂಬರಿ ಲಾಲಿಗೆ ಹೆಸರಾದ ರಾಗ, ಮಧ್ಯಮಾವತಿ ಕಚೇರಿಯ ಕೊನೆಗೆ ಮಂಗಳಕರ ಎಂದು ಹಾಡುವ ರಾಗ. ಇವೆರಡೂ ಪಟ್ಟಿಯ ಕೊನೆಯ ಅರ್ಧಕ್ಕೆ ಚೆನ್ನಾಗಿ ಹೊಂದುತ್ತವೆ. ಆದರೆ ನೀಲಾಂಬರಿ ಎಂದು ಬರೆದದ್ದೆಲ್ಲ ಮಲಗಿಸುತ್ತದೆ ಎಂದಲ್ಲ. ಜೋರು ಮೃದಂಗ ಹಾಕಿ ಹಾಡಿದ ನೀಲಾಂಬರಿಗಿಂತ ಮೆಲ್ಲಗೆ ಹಾಡಿದ ಯಾವ ರಾಗವೂ ವಾಸಿ.

ಅತ್ತೆಯ ಪಟ್ಟಿ

ಒಟ್ಟು 40 ನಿಮಿಷ. ಮೊದಲ 22 ನಿಮಿಷ ಮಾತು ಇರುವ ಹಾಡು, ಉಳಿದ 18 ನಿಮಿಷ ಮಾತೇ ಇಲ್ಲ.

ಮೊದಲನೆಯದು ‘ಜಗದೋದ್ಧಾರನ ಆಡಿಸಿದಳೆಶೋದೆ’, ಕಾಪಿ ರಾಗ, ಹೆಣ್ಣು ಧ್ವನಿ, ಐದೂವರೆ ಶ್ರುತಿ, 6 ನಿಮಿಷ, ನಡೆ 72. ಇದನ್ನು ಮೊದಲು ಇಟ್ಟದ್ದು ಅತ್ತೆಗೆ ಪೂರ್ತಿ ಬಾಯಿಗೆ ಬರುವ ಹಾಡು ಎಂಬ ಕಾರಣಕ್ಕೆ. ತುಟಿ ಅಲ್ಲಾಡಿಸುತ್ತಾ ಜೊತೆಗೆ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳುವಾಗ ಕೆಲಸದವರ ಲೆಕ್ಕ ತಲೆಗೆ ಬರುವುದಿಲ್ಲ. ಮೊದಲ ಹಾಡಿನ ಕೆಲಸ ಅಷ್ಟೇ.

ಎರಡನೆಯದು ‘ತೂಗಿರೆ ರಂಗನ’, ಗಂಡು ಧ್ವನಿ, ಒಂದೂವರೆ, 5 ನಿಮಿಷ, ನಡೆ 66. ಹೆಣ್ಣು ಧ್ವನಿಯಿಂದ ಗಂಡು ಧ್ವನಿಗೆ ಬಂದರೂ ಶ್ರುತಿ ಕೂಡಿದ ಕಾರಣ ಎಡವಿದ ಹಾಗೆ ಆಗುವುದಿಲ್ಲ. ದಪ್ಪ ಧ್ವನಿ ಬಂದಾಗ ಕೋಣೆ ಇನ್ನಷ್ಟು ತಣ್ಣಗಾದಂತೆ ಕೇಳುತ್ತದೆ.

ಮೂರನೆಯದು ‘ಜೋ ಜೋ ಶ್ರೀಕೃಷ್ಣ ಪರಮಾನಂದ’, ಮತ್ತೆ ಐದೂವರೆಯ ಹೆಣ್ಣು ಧ್ವನಿ, 7 ನಿಮಿಷ, ನಡೆ 60. ಚರಣಗಳು ತುಂಬ ಇರುವ ಪದ ಇದು. ಉದ್ದ ಇರುವುದೇ ಇಲ್ಲಿ ಅನುಕೂಲ, ಯಾಕೆಂದರೆ ಹಾಡು ಬದಲಾಗುವ ಪ್ರತಿ ಸಲವೂ ಕಿವಿ ಸ್ವಲ್ಪ ಎಚ್ಚರಾಗುತ್ತದೆ. ಹಾಗಾಗಿ ಪಟ್ಟಿ ಮುಂದೆ ಹೋದ ಹಾಗೆ ಹಾಡುಗಳು ಉದ್ದವಾಗಲಿ, ಬದಲಾವಣೆ ಕಡಿಮೆಯಾಗಲಿ. ಶಬರಿಮಲೆಯ ಮಂಡಲ ಕಾಲದಲ್ಲಿ ಅತ್ತೆ ಈ ಜಾಗಕ್ಕೆ ‘ಹರಿವರಾಸನಂ’ ಕೇಳುತ್ತಾರೆ. ಆಗ ಇದನ್ನು ತೆಗೆದು ಅದನ್ನು ಇಡುತ್ತೇನೆ, ಉಳಿದದ್ದು ಹಾಗೆಯೇ.

ನಾಲ್ಕನೆಯದು ಒಂದು ಉಗಾಭೋಗ, 4 ನಿಮಿಷ, ಐದೂವರೆ. ಉಗಾಭೋಗಕ್ಕೆ ತಾಳ ಇಲ್ಲ. ಮಾತು ಉಂಟು, ಆದರೆ ಪೆಟ್ಟು ಇಲ್ಲ. ತಾಳದ ಹಾಡಿನಿಂದ ಬರೇ ಆಲಾಪನೆಗೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಮ್ಮ ಸಂಗೀತದಲ್ಲಿ ನನಗೆ ಕಂಡಿಲ್ಲ. ಇಲ್ಲೇ ಮಾತು ಮುಗಿಯುತ್ತದೆ.

ಐದನೆಯದು ವೀಣೆಯಲ್ಲಿ ನೀಲಾಂಬರಿ ಆಲಾಪನೆ, 8 ನಿಮಿಷ, ಎರಡೂವರೆ ಶ್ರುತಿ. ಐದೂವರೆಯ ಪಂಚಮ ಎರಡೂವರೆ. ಇಲ್ಲಿ ಕೊಳಲು ಯಾಕೆ ಬೇಡ ಎಂದು ಕೇಳಬಹುದು. ಕೊಳಲಿನ ಮೇಲಿನ ಸ್ವರಗಳು ತೆಳ್ಳಗೆ ಚುಚ್ಚಿದ ಹಾಗೆ ಬರುತ್ತವೆ, ಸಣ್ಣ ಸ್ಪೀಕರ್‌ನಲ್ಲಿ ಇನ್ನೂ ಜಾಸ್ತಿ. ವೀಣೆಯ ಸ್ವರ ಮೀಟಿದ ಕೂಡಲೇ ಕರಗಲು ಶುರುವಾಗುತ್ತದೆ. ಆದರೆ ಆಲಾಪನೆ ಮಾತ್ರ ಇರಲಿ, ತಾನ ಬೇಡ. ತಾನ ಶುರುವಾದರೆ ಮೀಟು ಚುರುಕಾಗುತ್ತದೆ.

ಕೊನೆಗೆ 10 ನಿಮಿಷ ಎರಡೂವರೆಯ ತಂಬೂರಿ, ಕೊನೆಯ ಎರಡು ಮೂರು ನಿಮಿಷದಲ್ಲಿ ಮೆಲ್ಲಗೆ ಮಾಯವಾಗುವಂತೆ. ಅತ್ತೆ ಇದನ್ನು ಕೇಳುವುದೇ ಇಲ್ಲ, ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಆದರೂ ಬೇಕು. ಸದ್ದು ಒಮ್ಮೆಲೇ ನಿಂತರೆ ಹಗುರ ನಿದ್ದೆಯವರಿಗೆ ಎಚ್ಚರವಾಗುತ್ತದೆ. ರಾತ್ರಿ ಫ್ಯಾನು ನಿಂತ ಕೂಡಲೇ ಎಚ್ಚರಾಗುವುದು ಎಲ್ಲರಿಗೂ ಗೊತ್ತಲ್ಲ.

ಸದ್ದು ಸಮ ಮಾಡುವುದು

ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಹಾಡು ಮೆತ್ತಗಿರುತ್ತದೆ, ಹೊಸ ಸ್ಟುಡಿಯೋದ್ದು ಜೋರಿರುತ್ತದೆ. ಮೆತ್ತಗಿನದಕ್ಕೆ ವಾಲ್ಯೂಮ್ ಏರಿಸಿ ಮಲಗಿದರೆ ಮುಂದಿನದು ಅಪ್ಪಳಿಸುತ್ತದೆ. ಫೈಲುಗಳು ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದರೆ `ffmpeg` ಎಂಬ ಉಚಿತ ಸಾಧನದಿಂದ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬಹುದು. ಪ್ರತಿ ಹಾಡಿಗೂ ಒಂದು ಸಾಲು:

```
ffmpeg -i 03.mp3 -af loudnorm=I=-20:TP=-2:LRA=7 -ar 44100 03_ratri.mp3
```

`I=-20` ಎಂಬುದು ಒಟ್ಟು ಸದ್ದಿನ ಮಟ್ಟ. `LRA=7` ಎಂಬುದು ಒಂದೇ ಹಾಡಿನೊಳಗೆ ಮೆತ್ತಗಿನ ಮತ್ತು ಜೋರಿನ ಭಾಗಗಳ ಅಂತರವನ್ನು ತಗ್ಗಿಸಲು. ಚರಣದಲ್ಲಿ ಧ್ವನಿ ಏರಿದರೂ ಅಷ್ಟು ಎದ್ದು ಕೇಳುವುದಿಲ್ಲ. ಕಚೇರಿ ಕೇಳುವುದಕ್ಕೆ ಇಂಥದ್ದು ಮಾಡಬಾರದು, ಹಾಡಿನ ಏರಿಳಿತದ ಸೊಗಸು ಹೋಗುತ್ತದೆ. ರಾತ್ರಿಗೆ ಬೇಕಾದದ್ದೇ ಅದು. ಆಮೇಲೆ ವೀಣೆ, ತಂಬೂರಿಯನ್ನು ಕಿವಿಯಿಂದ ಕೇಳಿ ಇನ್ನೂ ಸ್ವಲ್ಪ ಇಳಿಸಿ. `-20` ಇರುವಲ್ಲಿ ವೀಣೆಗೆ `-23`, ತಂಬೂರಿಗೆ `-26` ಹಾಕಿದರೆ ಸರಿಯಾಗುತ್ತದೆ. ಫೈಲಿನ ಹೆಸರು 01, 02 ಎಂದು ಶುರುವಾದರೆ ಯಾವ ಪ್ಲೇಯರ್‌ನಲ್ಲೂ ಹೆಸರಿನ ಕ್ರಮದಲ್ಲಿ ಜೋಡಿಸುವುದು ಸುಲಭ. ಶಫಲ್ ಆಫ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಆನ್‌ಲೈನ್ ಆ್ಯಪ್‌ನಲ್ಲಿ ಕೇಳುವವರು ಸೆಟ್ಟಿಂಗ್‌ನಲ್ಲಿ ಸದ್ದು ಸಮ ಮಾಡುವ ಆಯ್ಕೆ ಇದ್ದರೆ ಆನ್ ಮಾಡಿ, ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಜೂನ್‌ನಿಂದ ನಮ್ಮಲ್ಲಿ ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಯಾವಾಗ ಹೋಗುತ್ತದೆ ಎಂದಿಲ್ಲ. ಹಾಡು ನಡುವೆ ನಿಂತು ಸುತ್ತುವುದಕ್ಕಿಂತ ಹಾಡೇ ಇಲ್ಲದಿರುವುದು ವಾಸಿ. ಜಾಹೀರಾತು ಬರುವ ಕಡೆ ಈ ಪಟ್ಟಿ ಇಡಬೇಡಿ. ಉಗಾಭೋಗ ಮುಗಿದ ಮೌನದಲ್ಲಿ ಸಾಬೂನಿನ ಜಾಹೀರಾತು ಬಂದರೆ ಅಲ್ಲಿಗೆ ಮುಗಿಯಿತು.

ಮಳೆಗಾಲದಲ್ಲಿ ಇನ್ನೊಂದು ಉಂಟು. ಹಂಚಿನ ಮೇಲೆ, ಅದಕ್ಕಿಂತಲೂ ಶೀಟಿನ ಮೇಲೆ ಮಳೆ ಬಿದ್ದರೆ ಹಾಡು ಕೇಳುವುದಿಲ್ಲ ಎಂದು ವಾಲ್ಯೂಮ್ ಏರಿಸುತ್ತೇವೆ. ಹತ್ತು ನಿಮಿಷದಲ್ಲಿ ಮಳೆ ನಿಂತಾಗ ಹಾಡು ಕೋಣೆಯಲ್ಲಿ ಬೊಬ್ಬೆ ಹೊಡೆಯುತ್ತಾ ಇರುತ್ತದೆ. ಜೋರು ಮಳೆಯ ರಾತ್ರಿ ವಾಲ್ಯೂಮ್ ಮುಟ್ಟಬೇಡಿ, ಬದಲಿಗೆ ಸ್ಪೀಕರನ್ನು ದಿಂಬಿನ ಹತ್ತಿರಕ್ಕೆ ತನ್ನಿ.

ಬ್ಲೂಟೂತ್ ಸ್ಪೀಕರ್ ಇಟ್ಟವರು ಒಂದು ಪರೀಕ್ಷೆ ಮಾಡಿ. ಹಾಡು ಮುಗಿದು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಹಲವು ಸ್ಪೀಕರ್‌ಗಳು ತಾವಾಗಿ ಆಫ್ ಆಗುತ್ತವೆ, ಆಗುವಾಗ ಒಂದು ಟೊಂಯ್ ಸದ್ದನ್ನೋ ಇಂಗ್ಲಿಷಿನಲ್ಲಿ ಒಂದು ಮಾತನ್ನೋ ಹೊರಡಿಸುತ್ತವೆ. ಚಾರ್ಜ್ ಕಡಿಮೆಯಾದಾಗಲೂ ಹಾಗೆಯೇ. ಹಗಲಿನಲ್ಲಿ ಒಮ್ಮೆ ಪಟ್ಟಿ ಪೂರ್ತಿ ಓಡಿಸಿ, ಮುಗಿದ ಮೇಲೆ ಅರ್ಧ ಗಂಟೆ ಸ್ಪೀಕರನ್ನು ಹಾಗೆಯೇ ಬಿಟ್ಟು ನೋಡಿ. ಸದ್ದು ಬರುವುದಾದರೆ ಫೋನಿನ ಸ್ಪೀಕರೇ ಸಾಕು. ಫೋನನ್ನು ಮರದ ಮೇಜಿನ ಮೇಲೆ ನೇರ ಇಡದೆ ಮಡಚಿದ ಟವೆಲಿನ ಮೇಲೆ ಇಡಿ, ಮೆಸೇಜ್ ಸದ್ದು ಬಾರದಂತೆ ಮಾಡಿ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು

ಬೆಳಿಗ್ಗೆ ಒಂದೇ ಪ್ರಶ್ನೆ ಕೇಳಿ: ನಿನ್ನೆ ಕೊನೆಗೆ ಕೇಳಿದ ಹಾಡು ಯಾವುದು? ಚೆನ್ನಾಗಿತ್ತಾ ಎಂದು ಕೇಳಬೇಡಿ. ಚೆನ್ನಾಗಿತ್ತು ಎಂದೇ ಹೇಳುತ್ತಾರೆ, ದೇವರ ಹಾಡಲ್ವಾ. ಮೂರನೆಯದರ ತನಕ ನೆನಪುಂಟು ಎಂದರೆ ಪಟ್ಟಿ ಸರಿ ಇದೆ. ವೀಣೆ ಕೇಳಿತು, ಆಮೇಲೆ ತಂಬೂರಿಯೂ ಕೇಳಿತು ಎಂದರೆ ಎಲ್ಲೋ ಎಚ್ಚರಿಸುವಂಥದ್ದು ಉಂಟು.

ಎಲ್ಲಿ ಎಂದು ಹುಡುಕಲು ಒಂದು ರಾತ್ರಿ ಪಕ್ಕದಲ್ಲೇ ಕೂತು ಗಮನಿಸಿ. ಬೆರಳು ನೋಡಿ. ಮೊದಲ ಹಾಡಿಗೆ ಬೆರಳು ತಾಳ ಹಾಕಿದರೆ ತೊಂದರೆ ಇಲ್ಲ. ಮೂರನೆಯದಕ್ಕೂ ಹಾಕುತ್ತಿದ್ದರೆ ಮೃದಂಗ ಜಾಸ್ತಿಯಾಯಿತು, ಬೇರೆ ರೆಕಾರ್ಡಿಂಗ್ ಬೇಕು. ಹಾಡು ಬದಲಾಗುವಾಗ ಮಗ್ಗುಲು ತಿರುಗಿದರೆ ಆ ಎರಡರ ಶ್ರುತಿ ಅಥವಾ ಸದ್ದಿನ ಮಟ್ಟ ನೋಡಿ. ಹಾಡಿನ ನಡುವೆ ಕಣ್ಣು ಬಿಟ್ಟರೆ ಎಷ್ಟನೇ ನಿಮಿಷ ಎಂದು ಗುರುತು ಹಾಕಿ, ಹಗಲಿನಲ್ಲಿ ಆ ಜಾಗ ಮತ್ತೆ ಕೇಳಿ. ಹೆಚ್ಚಾಗಿ ತಾರಸ್ಥಾಯಿಯೋ, ಹಿನ್ನೆಲೆಯ ಗುಂಪು ಧ್ವನಿಯೋ ಸಿಗುತ್ತದೆ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಹಾಡು ಬದಲಿಸಿ, ಒಂದು ವಾರ ಬಿಡಿ. ದಿನಾ ಹೊಸ ಪಟ್ಟಿ ಹಾಕುವುದು ಸರಿಯಲ್ಲ. ಅದೇ ಕ್ರಮ ದಿನಾ ಬಂದರೆ ಎರಡನೆಯ ಹಾಡು ಶುರುವಾಗುವಾಗಲೇ ಮೈಗೆ ಮುಂದಿನದು ಗೊತ್ತಿರುತ್ತದೆ. ಅತ್ತೆಗೆ ಬೇಸರ ಬಂದೀತು ಎಂದು ನಡುವೆ ಹಾಡು ಬದಲಿಸಲು ಹೊರಟಾಗ ಅವರೇ ಬೇಡ ಎಂದರು. ಅವರ ಪಟ್ಟಿಯಲ್ಲಿ ಈಗ ಬದಲಾಗುವುದು ಮೂರನೆಯ ಜಾಗ ಒಂದೇ, ಅದೂ ಮಂಡಲ ಕಾಲ ಬಂದಾಗ.